ಕ್ರೂ ಎಂದು ಬರೆದಿದ್ದ ಬಾಟಲಿ

ನನ್ನದು ಅನುಮಾನದ ಸ್ವಭಾವ. ಹುಟ್ಟಿನಿಂದ ಬಂದದ್ದೋ ನೌಕರಿಯಿಂದ ಅಂಟಿದ್ದೋ ಹೇಳಲಾರೆ. ಹಾಲಿನವನು ಮನೆಯ ಮುಂದೆ ನಿಂತರೆ ನಾನು ಹಾಲು ನೋಡುವುದಕ್ಕಿಂತ ಮೊದಲು ಅವನ ಮುಖ ನೋಡುತ್ತಿದ್ದೆ. ಇದಕ್ಕೆ ನನ್ನ ಹೆಂಡತಿ, "ನಾಳೆ ದೇವರು ಪ್ರತ್ಯಕ್ಷ ಆದ್ರೂ ನೀವು ಮೊದಲ ಅವನ ಪರವಾನಗಿ ಕೇಳ್ತೀರಿ, ಆಮ್ಯಾಲೆ ಕೈ ಮುಗಿತೀರಿ" ಎನ್ನುತ್ತಿದ್ದಳು. ತಮಾಷೆಗೆ ಹೇಳುತ್ತಿದ್ದಳು, ಆದರೆ ನನಗೆ ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು.

ಆಗ ನಮ್ಮ ಜಮಖಂಡಿ ಮುಂಬೈ ರಾಜ್ಯದಲ್ಲಿತ್ತು. ಸಂಸ್ಥಾನ ಹೋಗಿ ಸರಕಾರ ಬಂದಿತ್ತು, ಸರಕಾರದ ಹಿಂದೆಯೇ ಸೆರೆ ಕುಡಿಯಬಾರದು ಎಂಬ ದಾರೂಬಂದಿ ಬಂದಿತ್ತು. ನಾನು ದಾರೂಬಂದಿ ಖಾತೆಯ ಕಾರಕೂನ. ಬಿಳಗಿಯ ಕಡೆಯ ಹಳ್ಳಿಗಳಲ್ಲಿ ಕಳ್ಳಭಟ್ಟಿಯ ಮಡಕೆ ಒಡೆಯುವುದು, ಬೆಲ್ಲದ ಗಾಣದ ಹತ್ತಿರ ಮೂಸಿ ನೋಡುವುದು, ಬರೆದುಕೊಂಡು ಬರುವುದು, ಇದೇ ಕೆಲಸ. ಮೂಸಿ ಮೂಸಿ ನನ್ನ ಮೂಗು ಯಾವ ವಾಸನೆಯನ್ನೂ ನಂಬದ ಮಟ್ಟಕ್ಕೆ ಬಂದಿತ್ತು.

ಊರ ಹೊರಗೆ ಒಬ್ಬ ಹಳೆಯ ಸರದಾರರ ವಾಡೆಯಿತ್ತು. ಎಲ್ಲರೂ ಅವರನ್ನು ರಾವಸಾಹೇಬರು ಎನ್ನುತ್ತಿದ್ದರು. ಅವರ ತಂದೆ ಮುಂಬೈಯಿಂದ ಪರದೇಶದ ದ್ರಾಕ್ಷಿ ಮದ್ಯವನ್ನು ಪೆಟ್ಟಿಗೆಗಟ್ಟಲೆ ತರಿಸಿ ವಾಡೆಯ ನೆಲಮಾಳಿಗೆಯಲ್ಲಿ ತುಂಬಿಸಿದ್ದರು. ಕಾಯಿದೆ ಬಂದ ವರ್ಷ ಆ ಕೋಣೆಗೆ ಮೊಹರು ಹಾಕಲು ಹೋದವನು ನಾನೇ. ಒಳಗೆ ಹೋದರೆ ಕತ್ತಲು, ತಂಪು. ಕಿಂಡಿಗೆ ಗೋಣಿಚೀಲ ತುರುಕಿದ್ದರು. ಕಟ್ಟಿಗೆಯ ಗೂಡುಗಳಲ್ಲಿ ಬಾಟಲಿಗಳು ಒಂದರ ಮೇಲೊಂದು ಅಡ್ಡ ಮಲಗಿದ್ದವು. ಎಣಿಸಲು ಹೋದರೆ ಹಿಂದಿನ ಸಾಲು ಕಾಣುವುದಿಲ್ಲ. ನನಗೆ ಆಗಲೇ ಅನುಮಾನ ಬಂತು. ಕಾಣದ ಹಾಗೆ ಇಟ್ಟದ್ದು ಕಾಣಬಾರದೆಂದೇ ಇಟ್ಟದ್ದು ಎಂದುಕೊಂಡೆ.

ಕೋಣೆಯ ಕೀಲಿ ಇದ್ದದ್ದು ವಾಡೆಯ ಮುದುಕ ಬಟ್ಲರನ ಸೊಂಟದ ದಾರದಲ್ಲಿ. ಹುಡುಗನಾಗಿದ್ದಾಗ ಮುಂಬೈಯ ದೊಡ್ಡ ಹೋಟೆಲಿನಲ್ಲಿ ಕೆಲಸ ಕಲಿತು ಬಂದವನು. ಹೆಂಡತಿ ಮಕ್ಕಳಿಲ್ಲ. ವಾಡೆಯ ಹಿಂದಿನ ಒಂದು ಖೋಲಿ, ಎರಡು ಹೊತ್ತಿನ ಊಟ, ಆ ಕೀಲಿ, ಇಷ್ಟೇ ಅವನ ಸಂಸಾರ. ನಾನು ಪ್ರತಿಯೊಂದು ಬಾಟಲಿಯನ್ನೂ ಹೊರತೆಗೆಸಿ, ಔಷಧದ ಅಂಗಡಿಯಲ್ಲಿ ಇಡುವಂತೆ ಹಲಗೆಗಳ ಮೇಲೆ ಸಾಲಾಗಿ ನಿಲ್ಲಿಸಿದೆ, ಲೇಬಲ್ಲು ನನ್ನ ಕಡೆಗೆ. ಕಿಂಡಿಯ ಗೋಣಿಚೀಲವನ್ನೂ ಕೀಳಿಸಿದೆ. ಬಾಗಿಲಲ್ಲಿ ನಿಂತರೆ ಎಲ್ಲ ಎಣಿಸಬಹುದು ಎಂದು ನನಗೆ ಬಹಳ ಖುಷಿಯಾಯಿತು.

ಮುದುಕ ಮಾತ್ರ, "ಸಾಹೇಬ್ರ, ಇವನ್ನ ಮಲಗಿಸೇ ಇಡಬೇಕ್ರಿ" ಎಂದ.

"ಯಾಕ? ನಿದ್ದಿ ಬರತದೇನು ಅವಕ್ಕ?" ಎಂದೆ. ನನ್ನ ಜೊತೆ ಬಂದಿದ್ದ ಸಿಪಾಯಿ ನಕ್ಕ. ಮುದುಕ ಬಗ್ಗಿ ಕೆಳಗೆ ಬಿದ್ದ ಗೋಣಿಚೀಲ ಮಡಚತೊಡಗಿದ. ಹಿಂದಿನ ಸಾಲು ಕಾಣದ ಹಾಗೆ ಮಾಡಲು ಇವನು ಹವಣಿಸುತ್ತಿದ್ದಾನೆ ಎಂದು ನಾನು ನನ್ನ ವಹಿಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಂಡೆ.

ಆಮೇಲೆ ಐದು ಬೇಸಿಗೆ ಕಳೆದವು. ವರ್ಷಕ್ಕೊಮ್ಮೆ ಹೋಗಿ ಮೊಹರು ಒಡೆಯುವುದು, ಬಾಗಿಲಲ್ಲಿ ನಿಂತು ಎಣಿಸುವುದು, ಮತ್ತೆ ಮೊಹರು ಹಾಕುವುದು. ಲೆಕ್ಕ ಒಂದು ಸಲವೂ ತಪ್ಪಲಿಲ್ಲ. ತಪ್ಪದಿದ್ದುದೇ ನನಗೆ ಸಂಶಯ. ಇಷ್ಟು ವರ್ಷ ಒಂದೂ ಕಡಿಮೆಯಾಗಿಲ್ಲ ಎಂದರೆ ಬಾಟಲಿ ಉಳಿಸಿ ಒಳಗಿನದನ್ನು ಮುಗಿಸಿರಬೇಕು. ಬಾಗಿಲಿಗೆ ನನ್ನ ಮೊಹರು ಇರುತ್ತದೆ, ನಿಜ. ಆದರೆ ಮೊಹರಿನ ಅರಗನ್ನು ಬಿಸಿ ಚಾಕುವಿನಿಂದ ಎಬ್ಬಿಸುವವರನ್ನು ನಾನು ಕಂಡವನು.

ಆರನೆಯ ವರ್ಷ ಒಂದು ಅರ್ಜಿ ಬಂತು. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯ ಯಂತ್ರದ ಕೆಲಸಕ್ಕೆ ಫ್ರಾನ್ಸ್ ದೇಶದ ಒಬ್ಬ ಎಂಜಿನಿಯರ್ ಬಂದಿದ್ದ. ರಾವಸಾಹೇಬರು ಅವನನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಪರದೇಶದವನಾದ್ದರಿಂದ ಅವನಿಗೆ ಮದ್ಯ ಕುಡಿಯುವ ಪರವಾನಗಿ ಇತ್ತು. ಅದರ ಮೇಲೆ ಮೊಹರಿನ ಕೋಣೆಯಿಂದ ಒಂದೇ ಒಂದು ಬಾಟಲಿ ಹೊರತೆಗೆಯಬಹುದು, ನನ್ನ ಎದುರಿಗೆ. ರಾವಸಾಹೇಬರು ತಾವು ಕುಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ತಂದೆಯ ಕಾಲದ ಗತ್ತು ಒಂದು ದಿನದ ಮಟ್ಟಿಗಾದರೂ ಮೇಜಿನ ಮೇಲೆ ಕಾಣಲಿ ಎಂಬ ಆಸೆ, ಅಷ್ಟೇ. ತೊಡಕು ಒಂದಿತ್ತು. ಆ ಎಂಜಿನಿಯರನಿಗೆ ಸಕ್ಕರೆ ರೋಗ. ಸಕ್ಕರೆ ಕಾರ್ಖಾನೆ ಕಟ್ಟುವವನಿಗೆ ಸಕ್ಕರೆ ರೋಗ ಎಂದು ಕಚೇರಿಯಲ್ಲಿ ನಾವೆಲ್ಲ ನಕ್ಕಿದ್ದೆವು. ಸಿಹಿ ಇಲ್ಲದ ಬಾಟಲಿಯನ್ನೇ ಆರಿಸಬೇಕಿತ್ತು.

ಆ ದಿನ ಮುಂಜಾನೆ ನೆಲಮಾಳಿಗೆಯಲ್ಲಿ ನಾವು ಮೂವರು: ರಾವಸಾಹೇಬರು, ಬಟ್ಲರ, ನಾನು. ಬಾಗಿಲು ತೆರೆಯುವ ಮೊದಲು ನಾನು ಸ್ಪಷ್ಟವಾಗಿ ಹೇಳಿದೆ.

"ರಾವಸಾಹೇಬ್ರ, ಬಾಟಲಿ ಒಳಗಿಂದು ಏನರೆ ಫರಕ್ ಆಗಿದ್ರ ನಾ ಖಟ್ಲೆ ಹಾಕಬೇಕಾಗ್ತದ. ಕೀಲಿ ಯಾರ ಹತ್ರ ಇರತದೋ ಅವ್ರ ಮ್ಯಾಲೆ."

ರಾವಸಾಹೇಬರು ಬಟ್ಲರನ ಕಡೆ ತಿರುಗಿ, "ಕೇಳಿದ್ಯಲ್ಲ. ಹಂಗೇನರೆ ಆದ್ರ ನೀ ವಾಡೇದಾಗ ಇರೂದು ಬ್ಯಾಡ" ಎಂದರು. ಮುದುಕ ತಲೆಯಾಡಿಸಿ ಕೀಲಿ ತಿರುವಿದ. ಎಪ್ಪತ್ತರ ಹತ್ತಿರದ ಮನುಷ್ಯ, ಆ ಖೋಲಿ ಬಿಟ್ಟರೆ ಹೋಗಲು ಅವನಿಗೆ ಬಸ್‌ಸ್ಟ್ಯಾಂಡಿನ ಕಟ್ಟೆಯೇ ಗತಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಣ್ಣು ಅವನ ಕೈ ನಡುಗುತ್ತದೋ ಇಲ್ಲವೋ ಎಂದು ನೋಡುತ್ತಿತ್ತು.

ಅವನು ಮೊದಲು ಕತ್ತಿನ ಸುತ್ತ ಬಂಗಾರದ ಕಾಗದವಿದ್ದ ದಪ್ಪ ಬಾಟಲಿಗಳ ಹತ್ತಿರ ಹೋದ. ಬಾಟಲಿ ಬಾಯಿಯ ಬೂಚಿಗೆ ತಂತಿ ಬಿಗಿದಿತ್ತು.

"ಇವೆಲ್ಲಾ ನೊರಿ ಬರೂ ಮಾಲು, ಶಾಂಪೇನ್‌ರಿ. ಸಿಹಿ ಎಷ್ಟು ಐತಿ ಅನ್ನೂದು ಲೇಬಲ್ ಮ್ಯಾಲ ಬರದಿರತಾರ. ಇದು ನೋಡ್ರಿ, ಬ್ರೂಟ್. ಅಂದ್ರ ಕಡೀಕ ಹಾಕೂ ಸಕ್ಕರಿ ಭಾಳ ಕಡಿಮಿ, ನಾಲಿಗಿಗೆ ಸಿಹಿ ಹತ್ತೂದಿಲ್ಲ. ಇದು ಸೆಕ್. ಇದರಾಗ ಸಿಹಿ ಐತಿ. ಆ ತುದೀದು ದೆಮಿ ಸೆಕ್, ಇನ್ನೂ ಸಿಹಿ. ನಿಮ್ಮ ತಾಯಿ ಬಾಯಿಸಾಹೇಬ್ರು ಹಬ್ಬದ ಸಿಹಿ ತಿನಸಿನ ಜೋಡಿ ಅದನ್ನ ಇಡಸ್ತಿದ್ರು."

"ಸೆಕ್ ಅಂದ್ರ ಅರ್ಥ ಏನು?" ರಾವಸಾಹೇಬರು ಕೇಳಿದರು.

"ಒಣಾ ಅಂತರಿ. ಸಿಹಿ ಇಲ್ಲದ್ದು."

ನಾನು ತಟ್ಟನೆ ಹಿಡಿದೆ. "ಈಗಷ್ಟ ಅದರಾಗ ಸಿಹಿ ಅದ ಅಂದ್ಯಲ್ಲ!"

"ಹೌದ್ರಿ ಸಾಹೇಬ್ರ. ಹಿಂದಿನ ಕಾಲದಾಗ ಶಾಂಪೇನ್ ಅಂದ್ರ ಪಾನಕದಂಗ ಸಿಹಿ ಇತ್ತಂತ. ಅದರ ಮುಂದ ಇದು ಒಣಾ ಅನಿಸ್ತಿತ್ತು, ಹೆಸರು ಹಂಗ ಉಳೀತು. ಅದಕ್ಕs ಬ್ರೂಟ್‌ಗಿಂತ ಸೆಕ್ ಸಿಹಿ. ಆದ್ರ ಈ ಕಡೆ ನೋಡ್ರಿ, ಇವು ನೊರಿ ಇಲ್ಲದ ಬಿಳೀವು. ಇದರ ಮ್ಯಾಲೂ ಸೆಕ್ ಅಂತ ಐತಿ. ಇದರಾಗ ಮಾತ್ರ ಖರೇನs ಸಿಹಿ ಇಲ್ಲ."

ಒಂದೇ ಶಬ್ದಕ್ಕೆ ಈ ಹಲಗೆಯ ಮೇಲೆ ಒಂದು ಅರ್ಥ, ಆ ಹಲಗೆಯ ಮೇಲೆ ಇನ್ನೊಂದು! ಸಾಕ್ಷಿ ಹೇಳುವಾಗ ಮಾತು ಬದಲಿಸುವವರನ್ನು ನಾನು ಸಾಕಷ್ಟು ನೋಡಿದ್ದೆ. ಇವನು ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ, ಎರಡು ಹೆಸರು ಬಾಯಿಪಾಠ ಮಾಡಿ ಮೂವತ್ತು ವರ್ಷ ವಾಡೆಯವರನ್ನು ಆಟ ಆಡಿಸಿದ್ದಾನೆ ಎಂದುಕೊಂಡೆ. ಅವನು ಹೇಳಿದ್ದೆಲ್ಲ ಅಕ್ಷರಶಃ ಸರಿ ಎಂದು ಅಂದೇ ಮಧ್ಯಾಹ್ನ ಆ ಫ್ರಾನ್ಸಿನವನೇ ಹೇಳಿದ. ಆದರೆ ಮುಂಜಾನೆ ನನಗೆ ಅದನ್ನು ಯಾರು ಹೇಳಬೇಕು? ಹೇಳಿದ್ದರೂ ಕೇಳುವ ಕಿವಿ ನನಗಿರಲಿಲ್ಲ.

ರಾವಸಾಹೇಬರು ಕೊನೆಯ ಹಲಗೆಗೆ ಬಂದರು. ಅಲ್ಲಿ ಕೆಂಪು ಮದ್ಯದ ಬಾಟಲಿಗಳು ನಿಂತಿದ್ದವು, ಲೇಬಲ್ಲಿನ ಮೇಲೆ ಒಂದು ಕೋಟೆಯಂಥ ಮನೆಯ ಚಿತ್ರ. "ಇದು? ಗ್ರಾಂ ಕ್ರೂ ಕ್ಲಾಸೆ ಅಂತ ನಮ್ಮ ತಂದೆಯವರು ಓದ್ತಿದ್ರು. ಕ್ರೂ ಅಂದ್ರ ಎಷ್ಟು ಸಿಹಿ?"

"ಅದು ಸಿಹಿ ಹೇಳೂ ಶಬ್ದ ಅಲ್ರಿ. ಗ್ರಾಂ ಅಂದ್ರ ದೊಡ್ಡದು, ಕ್ರೂ ಅಂದ್ರ ಹೊಲ, ತ್ವಾಟ. ಹುನ್ನೂರಾಗ ಆ ಹಳ್ಳದ ದಂಡಿ ಎರಿ ಹೊಲದ ಜ್ವಾಳ ಅಂತ ಹೆಸರು ಹಿಡದು ಕೇಳತಾರಲ್ರಿ, ಹಂಗ. ಆ ತ್ವಾಟದ ಹಣ್ಣು, ಅಲ್ಲೇ ಹಿಂಡಿದ್ದು. ಕ್ಲಾಸೆ ಅಂದ್ರ ಅಂಥಾ ತ್ವಾಟಗಳನ್ನ ದರ್ಜೆ ಕಟ್ಟಿ ಪಟ್ಟಿ ಮಾಡ್ಯಾರ, ಆ ಪಟ್ಟಿಯಾಗ ಇದು ಐತಿ ಅಂತ. ಈ ಜಾತಿ ಕೆಂಪಿನಾಗ ಹೆಂಗೂ ಸಿಹಿ ಇರೂದಿಲ್ಲ."

"ಹಂಗಾದ್ರ ಇದs ಛಲೋ ಅಲ್ಲ? ದರ್ಜೆ ಇದ್ದದ್ದು, ಸಿಹಿ ಇಲ್ಲದ್ದು."

ಮುದುಕ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಈಗ ಕೆಂಪು ಬ್ಯಾಡ್ರಿ ರಾವಸಾಹೇಬ್ರ. ಬ್ರೂಟ್ ತಗೋರಿ. ಅದರ ಬಗ್ಗೆ ನಾ ಹೇಳತೇನಿ, ಕೆಂಪಿನ ಬಗ್ಗೆ ನಾ ಹೇಳಾಕ ಆಗೂದಿಲ್ಲ."

ನಾನು ಲಾಟೀನು ಎತ್ತಿ ಹಿಡಿದೆ. ಕೆಂಪು ಬಾಟಲಿಯ ಒಳಗೆ ಮದ್ಯದ ಮಟ್ಟ ಕತ್ತಿನಿಂದ ಕೆಳಗಿಳಿದು ಭುಜದ ಹತ್ತಿರ ನಿಂತಿತ್ತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ. ನನಗೆ, ಸುಳ್ಳೇಕೆ, ಸಂತೋಷವೇ ಆಯಿತು. ಐದು ವರ್ಷ ಕಾದದ್ದು ಕೈಗೆ ಸಿಕ್ಕಿತ್ತು. ಅತಿ ಬೆಲೆಯ ಬಾಟಲಿಯನ್ನೇ ಬೇಡ ಎನ್ನುತ್ತಾನೆ, ಅದರಲ್ಲೇ ಮಾಲು ಕಡಿಮೆ ಇದೆ. ಇನ್ನೇನು ಬೇಕು?

"ರಾವಸಾಹೇಬ್ರ, ಕೆಂಪs ತಗೀಲಿ" ಎಂದೆ. "ಯಾಕ ಬ್ಯಾಡ ಅಂತಾನ ಅನ್ನೂದು ಮ್ಯಾಲ ಹೋದ ಮ್ಯಾಲ ತಿಳೀತದ."

ರಾವಸಾಹೇಬರ ಮುಖ ಗಂಭೀರವಾಯಿತು. ಅವರೂ ಮಟ್ಟ ನೋಡಿದ್ದರು. "ತಗೀ" ಎಂದರು. ಮುದುಕ ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ. ನಾನು ಅವನ ಬೆನ್ನ ಹಿಂದೆಯೇ ಹತ್ತಿದೆ, ನಡುವೆ ಬದಲಾಯಿಸಿಬಿಟ್ಟಾನು ಎಂದು.

ಎಂಜಿನಿಯರ್ ಕೆಂಪು ಮೋರೆಯ ಎತ್ತರದ ಮನುಷ್ಯ. ಅವನ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಹರುಕುಮುರುಕು, ಅದರಿಂದ ನಮಗಿಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಲೇಬಲ್ಲು ನೋಡಿ ಅವನು ಕುರ್ಚಿಯಿಂದ ಎದ್ದೇ ಬಿಟ್ಟ. ಮುದುಕ ಬೂಚಿಗೆ ತಿರುಪು ಹಾಕಿದ. ಎಳೆದರೆ ಬೂಚು ಬರಲಿಲ್ಲ, ಹೊಟ್ಟಿನಂತೆ ಉದುರಿತು. ಅರ್ಧ ಕತ್ತಿನಲ್ಲೇ ಉಳಿಯಿತು. ಅದನ್ನೂ ಹೇಗೋ ತೆಗೆದು, ಬಟ್ಟೆಯಲ್ಲಿ ಸೋಸಿ ಬಗ್ಗಿಸಿದ. ಗಾಜಿನ ಲೋಟದಲ್ಲಿ ಬಿದ್ದದ್ದು ಕೆಂಪಲ್ಲ, ಇಟ್ಟಿಗೆಯ ಪುಡಿ ಕಲಸಿದಂಥ ಕಂದು. ಎಂಜಿನಿಯರ್ ಮೂಗಿನ ಹತ್ತಿರ ಒಯ್ದು ಕೆಳಗಿಟ್ಟ. ನಾನು ಕೇಳದೆಯೇ ಲೋಟ ಎತ್ತಿ ಮೂಸಿದೆ. ಸಿರ್ಕಾ. ಉಪ್ಪಿನಕಾಯಿಗೆ ಹಾಕುವ ಹುಳಿ, ಅಪ್ಪಟ ಸಿರ್ಕಾ.

"ಕುಡದು ಸಿರ್ಕಾ ತುಂಬ್ಯಾನ್ರಿ!" ನಾನು ಕೂಗಿಯೇ ಬಿಟ್ಟೆ. ಚೀಲದಿಂದ ಕಾಗದ ತೆಗೆದೆ. ಖಟ್ಲೆಯ ಮೊದಲ ಸಾಲು ನನ್ನ ತಲೆಯಲ್ಲಿ ಯಾವಾಗಲೋ ತಯಾರಾಗಿತ್ತು.

ಎಂಜಿನಿಯರ್ ನನ್ನ ಕೂಗಿನ ಕಡೆ ಲಕ್ಷ್ಯ ಕೊಡಲಿಲ್ಲ. ಬೂಚಿನ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬೆರಳಿನಿಂದ ತಿಕ್ಕಿದ. ಇದನ್ನು ಯಾರೂ ತೆರೆದಿಲ್ಲ, ಇದು ಹಳೆಯ ಬೂಚೇ, ಮುದ್ರೆಯೂ ತೋಟದ್ದೇ ಎಂದ. ಆದರೆ ಒಳಗಿನ ತುದಿಯೂ ಒಣಗಿದೆ. ಬಾಟಲಿ ಮಲಗಿದ್ದರೆ ಮದ್ಯ ಬೂಚನ್ನು ತೋಯಿಸಿ ಉಬ್ಬಿಸಿ ಇಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ನಿಂತಿದ್ದರೆ ಬೂಚು ಒಣಗಿ ಕುಗ್ಗುತ್ತದೆ, ಮದ್ಯ ಆರುತ್ತ ಹೋಗುತ್ತದೆ, ಗಾಳಿ ಹೊಕ್ಕು ಹುಳಿಯಾಗುತ್ತದೆ. ಈ ನಿಮ್ಮ ಬಿಸಿಲಿನಲ್ಲಿ ಇನ್ನೂ ಬೇಗ. ಇಷ್ಟು ಹೇಳಿ, ಇದನ್ನು ನಿಲ್ಲಿಸಿಟ್ಟವರು ಯಾರು ಎಂದು ಕೇಳಿದ. ಸಿಟ್ಟಿನಿಂದ ಅಲ್ಲ, ಸತ್ತವರ ಮನೆಯಲ್ಲಿ ಕೇಳುವಂತೆ ಮೆಲ್ಲಗೆ ಕೇಳಿದ.

ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತಿತು.

ರಾವಸಾಹೇಬರು ಬಟ್ಲರನನ್ನು ಕೇಳಿದರು. "ನಮ್ಮ ತಂದಿ ಕಾಲದಾಗ ಮಲಗಿಸೇ ಇಡ್ತಿದ್ದಿ. ಯಾಕ ನಿಂದ್ರಿಸಿದಿ?"

ಬಾಟಲಿ ನಿಲ್ಲಿಸಿದ ದಿನ ರಾವಸಾಹೇಬರು ಪುಣೆಯಲ್ಲಿದ್ದರು. ಜೊತೆಗಿದ್ದ ಸಿಪಾಯಿ ಎಲ್ಲಿಗೋ ವರ್ಗವಾಗಿ ಹೋಗಿದ್ದ. ಗೊತ್ತಿದ್ದವರು ಇಬ್ಬರೇ. ಮುದುಕ ಈಗ ಬೆರಳು ತೋರಿಸಿ ನನ್ನ ಮಾನ ತೆಗೆಯುತ್ತಾನೆ ಎಂದು ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಕೀಲಿ ನನ್ನ ಹತ್ರ ಇತ್ತರಿ" ಎಂದ. "ತಪ್ಪಾತು."

ಅದಕ್ಕೂ ನನಗೆ ಮೊದಲು ಬಂದದ್ದು ಅನುಮಾನವೇ. ಯಾಕೆ ಸುಮ್ಮನಿದ್ದಾನೆ? ಆಮೇಲೆ ನನ್ನಿಂದ ಏನು ಕೇಳಬೇಕೆಂದಿದ್ದಾನೆ? ಹಾಗೆ ಯೋಚಿಸುತ್ತ ಅವನ ಮುಖ ನೋಡಿದೆ. ಅವನ ಕಣ್ಣು ನನ್ನ ಕಾಗದದ ಮೇಲೆಯೇ ಇತ್ತು, ಅಷ್ಟು ಆ ಕಾಗದಕ್ಕೆ ಅವನು ಹೆದರಿದ್ದ. ಸರಕಾರದ ಕಾರಕೂನನ ಹೆಸರು ಹೇಳಿದರೆ ಖೋಲಿ ಹೋಗುವುದರ ಜೊತೆ ಜೇಲೂ ಬರುತ್ತದೆ ಎಂದು ಲೆಕ್ಕ ಹಾಕಿದ್ದ. ಅವನ ಮೌನದಲ್ಲಿ ದೊಡ್ಡತನವೂ ಇರಲಿಲ್ಲ, ಹೂಟವೂ ಇರಲಿಲ್ಲ. ಬರೀ ನನ್ನ ಬಗೆಗಿನ ಭಯ ಇತ್ತು. ಮಡಕೆ ಒಡೆಸಿಕೊಂಡ ಹಳ್ಳಿಯ ಹೆಂಗಸರ ಮುಖದಲ್ಲಿ ಕಂಡಾಗ ನನಗೆ ಹೆಮ್ಮೆ ತಂದಿದ್ದ ಅದೇ ಭಯ.

ರಾವಸಾಹೇಬರು ಕೈ ಚಾಚಿದರು. ಮುದುಕ ಸೊಂಟದ ದಾರ ಬಿಚ್ಚತೊಡಗಿದ. ಗಂಟು ಹಳೆಯದು, ಬಿಚ್ಚಲು ಬಾರದು. ಅವನು ಅದನ್ನು ಉಗುರಿನಿಂದ ಕೆರೆಯುತ್ತಿದ್ದ, ನಾವು ಮೂವರೂ ನೋಡುತ್ತ ಕೂತಿದ್ದೆವು. ಆ ಗಂಟು ಬೇಗ ಬಿಚ್ಚಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಇಂದಿಗೂ ಖಾತ್ರಿಯಿಲ್ಲ. ನನ್ನ ಮೇಲೆ ನನಗಿರುವ ಅನುಮಾನ ಇದೊಂದೇ, ಆದರೆ ಇದು ಹೋಗಿಲ್ಲ.

"ನಿಂದ್ರಿಸಿದಂವ ನಾನು" ಎಂದೆ. "ಇಂವ ಬ್ಯಾಡ ಅಂದಿದ್ದ. ನಾ ಕೇಳಲಿಲ್ಲ. ಕಿಂಡೀ ಗೋಣೀನೂ ನಾನs ಕೀಳಿಸಿದೆ."

ರಾವಸಾಹೇಬರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಕಡೆ ತಿರುಗಿ, "ಇನ್ನೊಂದು ಬಾಟ್ಲಿ ತಗೀಲಿಕ್ಕೆ ಕಾಯಿದೆ ಒಪ್ಪತದೇನು?" ಎಂದು ಕೇಳಿದರು. ಕಾಯಿದೆಗೆ ಒಂದೇ ಬಾಟಲಿ ಗೊತ್ತು. ಮೊದಲಿನದು ಕುಡಿದದ್ದಲ್ಲ, ಕೆಟ್ಟದ್ದು ಎಂದು ಬರೆದರೆ ಮಾತ್ರ ಎರಡನೆಯದು ಸಿಗುತ್ತದೆ. ಕೆಟ್ಟದ್ದು ಎಂದು ಬರೆದರೆ ಕಾರಣ ಬರೆಯಬೇಕು. ಖಟ್ಲೆಗೆಂದು ತೆಗೆದ ಅದೇ ಕಾಗದದ ಮೇಲೆ ನಾನು ಕಾರಣ ಬರೆದೆ, ಕಾರಕೂನನ ಅಪ್ಪಣೆಯಂತೆ ನಿಲ್ಲಿಸಿ ಇಟ್ಟಿದ್ದರಿಂದ ಬೂಚು ಒಣಗಿ ಹಾಳಾಗಿದೆ ಎಂದು. ಬ್ರೂಟ್ ಮೇಲೆ ಬಂತು. ತಂತಿ ಬಿಚ್ಚಿ ಬೂಚು ತಿರುಗಿಸಿದಾಗ ಸಣ್ಣ ನಿಟ್ಟುಸಿರಿನಂಥ ಸಪ್ಪಳವಾಗಿ ನೊರೆ ಬಂತು. ಒಳಗಿನ ಒತ್ತಡದಿಂದಲೋ ಏನೋ ಅದು ಬದುಕಿ ಉಳಿದಿತ್ತು. ಎಂಜಿನಿಯರ್ ಕುಡಿದು, ಸಿಹಿ ಇಲ್ಲ, ಇದನ್ನು ಆರಿಸಿದವನು ಬಲ್ಲವನು ಎಂದ. ಬ್ರೂಟ್, ಸೆಕ್, ಕ್ರೂಗಳ ಬಗ್ಗೆ ನಾನು ಅವನನ್ನು ಒಂದೊಂದಾಗಿ ಕೇಳಿದೆ. ಮುದುಕ ಮುಂಜಾನೆ ಹೇಳಿದ್ದನ್ನೇ ಅವನೂ ಹೇಳಿದ.

ನನ್ನ ಮೇಲಿನ ಸಾಹೇಬರು ಕಾಗದ ಓದಿ ಹಣೆ ಬಡಿದುಕೊಂಡರು. "ಕೀಲಿಯವನ ಹೆಸರು ಬರದ್ರ ಮುಗೀತಿತ್ತಲ್ಲೋ! ನಿನ್ನ ಕೈಯಾರೆ ನೀನs ಬರಕೊಂಡಿ" ಎಂದರು. ತಿಂಗಳೊಳಗೆ ನನ್ನನ್ನು ಶಿಕ್ಷೆಯೆಂದು ಬಿಳಗಿಗೆ ವರ್ಗ ಮಾಡಿದರು. ಹೋಗುವ ಮೊದಲು ಉಳಿದ ಬಾಟಲಿಗಳನ್ನು ಮಲಗಿಸಿಯೇ ಹೋಗಬೇಕು ಎಂದು ನಾನೇ ಅಪ್ಪಣೆ ಕೇಳಿ ವಾಡೆಗೆ ಹೋದೆ.

ಕಿಂಡಿಗೆ ಗೋಣಿಚೀಲ ತುರುಕಿ, ನಾವಿಬ್ಬರೇ ಕೆಲಸಕ್ಕೆ ನಿಂತೆವು. ನಾನು ಮಾತು ಬೆಳೆಸಲು ನೋಡಿದೆ. ಮುಂಬೈಯ ಹೋಟೆಲಿನ ಬಗ್ಗೆ ಕೇಳಿದೆ. ಅವನು ಹೌದ್ರಿ, ಇಲ್ರಿ ಎಂದಷ್ಟೇ ಹೇಳಿದ. ಮೊದಲ ಗೂಡು ತುಂಬಿದ ಮೇಲೆ ಅಂಗಿಯ ಕಿಸೆಯಿಂದ ಮಡಿಚಿದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದ. ಯಾರಿಂದಲೋ ದುಂಡಗೆ ಬರೆಸಿಕೊಂಡು ಬಂದಿದ್ದ: ಇಂದು ಈ ಬಾಟಲಿಗಳನ್ನು ಮಲಗಿಸಿದವರು ಕಾರಕೂನ ಸಾಹೇಬರು, ಕೀಲಿಯವನಲ್ಲ.

"ಇದಕ್ಕ ಸಹಿ ಮಾಡ್ರಿ ಸಾಹೇಬ್ರ."

"ಮಲಗಿಸೂದು ಸರೀನs ಅದನೋ. ನೀನs ಹೇಳಿದ್ದಿ, ಮಲಗಿಸಬೇಕು ಅಂತ."

"ಖರೆ ರಿ. ಆದ್ರೂ ಸಹಿ ಇರಲಿ" ಎಂದು ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹಾಲಿನವನ ಮುಖವನ್ನು ನಾನು ನೋಡುತ್ತಿದ್ದ ಹಾಗೆ ಒಬ್ಬರು ನನ್ನ ಮುಖ ನೋಡಿದ್ದು ಅದೇ ಮೊದಲು. ಅವಮಾನವಾಯಿತು, ಕಣ್ಣಲ್ಲಿ ನೀರೂ ಬಂತು. ಸಹಿ ಮಾಡಿದೆ. ಅವನು ಅದನ್ನು ಲಾಟೀನಿನ ಬೆಳಕಿಗೆ ಹಿಡಿದು, ಸಹಿ ನನ್ನದೇ ಹೌದೋ ಎಂದು ಬಾಗಿಲ ಮೊಹರಿನ ಚೀಟಿಯ ಸಹಿಯ ಜೊತೆ ಹೋಲಿಸಿ ನೋಡಿ, ಕಿಸೆಯಲ್ಲಿ ಇಟ್ಟುಕೊಂಡ. ಆಮೇಲೆ ಎರಡನೆಯ ಗೂಡಿಗೆ ಎರಡನೆಯ ಕಾಗದ ತೆಗೆದ.